ಹುಟ್ಟು ಸಂಖ್ಯೆ ಹೊಂದಾಣಿಕೆ ಕೋಷ್ಟಕ: ಪುಸ್ತಕಕ್ಕೊಂದು ಉತ್ತರ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಡೆ ಸಂಬಂಧ ನೋಡುವಾಗ ಈಗ ಜಾತಕದ ಜೊತೆ ಹುಟ್ಟಿದ ತಾರೀಕನ್ನೂ ಕೇಳುತ್ತಾರೆ. ಅದರ ಅಂಕಿಗಳನ್ನು ಕೂಡಿಸಿ 1ರಿಂದ 9ರೊಳಗೆ ಒಂದು ಹುಟ್ಟು ಸಂಖ್ಯೆ ತೆಗೆದು, ಇಬ್ಬರ ಸಂಖ್ಯೆ ಹೊಂದುತ್ತದೆಯೇ ಎಂದು ಕೋಷ್ಟಕದಲ್ಲಿ ನೋಡುತ್ತಾರೆ. ಹುಡುಗಿ ಕಡೆಯವರು ಒಂದು ಪುಸ್ತಕ ತೆರೆದರೆ ಹುಡುಗನ ಕಡೆಯವರ ಹತ್ತಿರ ಇನ್ನೊಂದಿರುತ್ತದೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಹುಡುಗಿ 3, ಹುಡುಗ 6. ನಮ್ಮ ಪುಸ್ತಕದಲ್ಲಿ "ಅತ್ಯುತ್ತಮ ಜೋಡಿ" ಅಂತಿದೆ, ಅವರ ಪುಸ್ತಕದಲ್ಲಿ "ಕೂಡದು" ಅಂತಿದೆ. ಯಾವುದು ತಪ್ಪು?

ಎರಡರಲ್ಲೂ ಅಚ್ಚಿನ ತಪ್ಪಿಲ್ಲ. ಎರಡೂ ತಮ್ಮ ತಮ್ಮ ಮೂಲವನ್ನು ಸರಿಯಾಗಿಯೇ ನಕಲು ಮಾಡಿವೆ, ಆದರೆ ಮೂಲಗಳೇ ಬೇರೆ ಬೇರೆ.

ನಿಮ್ಮ ಪುಸ್ತಕ ಕೀರೋ ದಾರಿಯದು. ಕೀರೋ ಅಂದರೆ ಐರ್ಲೆಂಡ್‌ನಲ್ಲಿ ಹುಟ್ಟಿದ ವಿಲಿಯಂ ಜಾನ್ ವಾರ್ನರ್ (1866–1936). ನಮ್ಮಲ್ಲಿ ಸಿಗುವ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಬಹಳಷ್ಟು ಇವನ ಸಾಲಗಾರರೇ, ಹೆಸರು ಹೇಳಿದರೂ ಹೇಳದಿದ್ದರೂ. ಇವನ ಲೆಕ್ಕದಲ್ಲಿ 3, 6, 9 ಒಂದು ಬಳಗ. ಮೂರೂ ಮೂರರ ಮಗ್ಗಿಯಲ್ಲಿ ಬರುತ್ತವೆ, ಹಾಗಾಗಿ ಒಂದಕ್ಕೊಂದು ಹೊಂದುತ್ತವೆ. 3ನೇ ಸಂಖ್ಯೆಯವರು 6ನೆಯವರನ್ನು ಮದುವೆಯಾದರೆ ಒಳ್ಳೆಯದು ಅನ್ನುವ ಮಾತು ಅಲ್ಲಿಂದ ಬಂದದ್ದು.

ಅವರ ಪುಸ್ತಕ ನೋಡಿದ್ದು ಸಂಖ್ಯೆಯನ್ನಲ್ಲ, ಅದರ ಹಿಂದಿರುವ ಗ್ರಹವನ್ನು. 3 ಅಂದರೆ ಗುರು, 6 ಅಂದರೆ ಶುಕ್ರ. ಒಬ್ಬರು ದೇವತೆಗಳ ಗುರು, ಇನ್ನೊಬ್ಬರು ಅಸುರರ ಗುರು. ಜ್ಯೋತಿಷದ ನೈಸರ್ಗಿಕ ಮೈತ್ರಿಯಲ್ಲಿ ಗುರುವಿಗೆ ಶುಕ್ರ ಶತ್ರು, ಶುಕ್ರನಿಗೆ ಗುರು ಸಮ, ಅಂದರೆ ಮಿತ್ರನೂ ಅಲ್ಲ ಶತ್ರುವೂ ಅಲ್ಲ. ಒಬ್ಬ ಶತ್ರು ಅಂದ, ಇನ್ನೊಬ್ಬ ಮಿತ್ರ ಅನ್ನಲಿಲ್ಲ, ಅಷ್ಟಕ್ಕೇ ಕೋಷ್ಟಕ ಬರೆದವರು "ಕೂಡದು" ಅಂತ ಹಾಕಿದರು.

ಹಾಗಾದರೆ ಎಷ್ಟು ಥರದ ಮೂಲಗಳಿವೆ?

ನಮ್ಮ ಕಡೆ ಕೈಗೆ ಸಿಗುವ ಪುಸ್ತಕಗಳ ಹಿಂದೆ ಮುಖ್ಯವಾಗಿ ನಾಲ್ಕು ಕಾಣುತ್ತವೆ. ಕೀರೋ ಬಳಗ ಒಂದು, ಗ್ರಹಮೈತ್ರಿ ಎರಡು. ಮೂರನೆಯದು ಗ್ರಹದ ಮಾತೇ ಎತ್ತದ ಪಾಶ್ಚಾತ್ಯ ಗುಂಪು. ಅದು 1-5-7, 2-4-8, 3-6-9 ಎಂದು ಮೂರು ಪಂಗಡ ಮಾಡಿ, ಒಂದೇ ಪಂಗಡದವರು ಹೊಂದುತ್ತಾರೆ ಅನ್ನುತ್ತದೆ. ನಾಲ್ಕನೆಯದು ಈಚೆಗೆ ಎಲ್ಲೆಲ್ಲೂ ಕಾಣುವ ಚೀನೀ ಲೋ ಶು ಚೌಕ. ಅದರಲ್ಲಿ 1 ನೀರು, 2, 5, 8 ಮಣ್ಣು, 3, 4 ಮರ, 6, 7 ಲೋಹ, 9 ಬೆಂಕಿ.

3-6 ಜೋಡಿಯನ್ನೇ ನಾಲ್ಕರಲ್ಲೂ ಇಟ್ಟು ನೋಡಿ. ಕೀರೋ ಒಪ್ಪುತ್ತಾನೆ, ಪಾಶ್ಚಾತ್ಯ ಪಂಗಡವೂ ಒಪ್ಪುತ್ತದೆ. ಗ್ರಹಮೈತ್ರಿ ಒಪ್ಪುವುದಿಲ್ಲ. ಲೋ ಶು ಲೆಕ್ಕದಲ್ಲಿ ಲೋಹ ಮರವನ್ನು ಕಡಿಯುತ್ತದೆ, ಹಾಗಾಗಿ ಅದೂ ಒಪ್ಪುವುದಿಲ್ಲ. ಎರಡು ಎರಡು, ಸಮ.

ತೊಂದರೆ ಬರುವುದು ಕೋಷ್ಟಕದ ಕೆಳಗೆ ಮೂಲ ಯಾವುದೆಂದು ಯಾರೂ ಬರೆಯದೇ ಇರುವುದರಿಂದ. "ಪ್ರಾಚೀನ ಋಷಿಗಳ ಪ್ರಕಾರ" ಅಂತ ಒಂದು ಸಾಲು ಹಾಕಿ ಮುಗಿಸುತ್ತಾರೆ. ಇನ್ನೂ ಕೆಟ್ಟದ್ದು ಬೆರಕೆ ಕೋಷ್ಟಕ: 3ನೇ ಸಾಲು ಕೀರೋನಿಂದ, 8ನೇ ಸಾಲು ಗ್ರಹಮೈತ್ರಿಯಿಂದ. ಆಗ ಒಂದೇ ಪುಸ್ತಕ ತನ್ನೊಂದಿಗೆ ತಾನೇ ಜಗಳವಾಡುತ್ತದೆ.

ಬೇರೆ ಸಂಖ್ಯೆಗಿಂತ 4 ಮತ್ತು 7ರ ಸಾಲುಗಳಲ್ಲೇ ಹೆಚ್ಚು ಗಲಿಬಿಲಿ. ಯಾಕೆ?

ಈ ಎರಡು ಸಂಖ್ಯೆಗಳಿಗೆ ಸ್ವಂತ ಗ್ರಹ ಇರಲಿಲ್ಲ, ಅದಕ್ಕೆ. ಕಣ್ಣಿಗೆ ಕಾಣುವ ಗ್ರಹಗಳು ಏಳು, ಸೂರ್ಯ ಚಂದ್ರರೂ ಸೇರಿ. ಸಂಖ್ಯೆ ಮಾತ್ರ ಒಂಬತ್ತು. ಉಳಿದ ಎರಡನ್ನು ಎಲ್ಲಿ ಕೂರಿಸುವುದು? ಒಂದು ಉಪಾಯ, ಸೂರ್ಯನಿಗೆ 1 ಮತ್ತು 4 ಎರಡನ್ನೂ, ಚಂದ್ರನಿಗೆ 2 ಮತ್ತು 7 ಎರಡನ್ನೂ ಕೊಡುವುದು. ಆಮೇಲೆ ದೂರದರ್ಶಕದಿಂದ 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಸಿಕ್ಕವು. ಕೀರೋ 4ಕ್ಕೆ ಯುರೇನಸ್, 7ಕ್ಕೆ ನೆಪ್ಚೂನ್ ಕೊಟ್ಟ. ಆದರೆ ಹಳೆಯ ನೆಂಟಸ್ತಿಕೆ ಬಿಡಲಿಲ್ಲ. ಅವನ ಪ್ರಕಾರ 1 ಮತ್ತು 4 ಒಂದೇ ಮನೆಯವು, 2 ಮತ್ತು 7 ಒಂದೇ ಮನೆಯವು.

ನಮ್ಮವರು ಆ ಪದ್ಧತಿಯನ್ನು ತಂದಾಗ ಯುರೇನಸ್ ಜಾಗಕ್ಕೆ ರಾಹುವನ್ನೂ ನೆಪ್ಚೂನ್ ಜಾಗಕ್ಕೆ ಕೇತುವನ್ನೂ ಹಾಕಿದರು. ನವಗ್ರಹ ಪೂಜೆ ಮಾಡುವ ನಾಡಿನಲ್ಲಿ ಅದು ಸಹಜವಾಗಿಯೇ ಕಂಡಿರಬೇಕು. ಆದರೆ ಅದರಿಂದ ಕೋಷ್ಟಕ ತಲೆಕೆಳಗಾಯಿತು. ಕೀರೋ ಪ್ರಕಾರ ಒಂದೇ ಮನೆಯವರಾದ 1 ಮತ್ತು 4 ಈಗ ಸೂರ್ಯ ಮತ್ತು ರಾಹು ಆದರು. ರಾಹು ಅಂದರೆ ಗ್ರಹಣದಲ್ಲಿ ಸೂರ್ಯನನ್ನು ನುಂಗುವವನು. 2 ಮತ್ತು 7, ಅಂದರೆ ಚಂದ್ರ ಮತ್ತು ಕೇತು, ಇವರ ಕಥೆಯೂ ಅದೇ. ಹಾಗಾಗಿ 1-4 ಒಂದು ಪುಸ್ತಕದಲ್ಲಿ "ಹೇಳಿ ಮಾಡಿಸಿದ ಜೋಡಿ", ಇನ್ನೊಂದರಲ್ಲಿ "ಗ್ರಹಣ ದೋಷ".

ಇದರ ಮೇಲೆ ಇನ್ನೊಂದು ತೊಡಕಿದೆ. ಮೈತ್ರಿಯ ಮೂಲ ನಿಯಮ ಇರುವುದು ಏಳು ಗ್ರಹಗಳಿಗೆ ಮಾತ್ರ. ರಾಹು ಕೇತುಗಳಿಗೆ ರಾಶಿಯ ಒಡೆತನವೇ ಇಲ್ಲದ ಕಾರಣ ಆ ನಿಯಮ ಅವರಿಗೆ ಹೊಂದುವುದಿಲ್ಲ. "ರಾಹು ಶನಿಯಂತೆ, ಕೇತು ಕುಜನಂತೆ" ಎಂದು ಹಿಡಿದು ಕೆಲವರು ತುಂಬುತ್ತಾರೆ, ಉಳಿದವರು ತಮಗೆ ತೋಚಿದ ಹಾಗೆ.

2ರ ಸಾಲಿನಲ್ಲಿ 5 ಮಿತ್ರ ಅಂತಿದೆ. 5ರ ಸಾಲಿಗೆ ಹೋದರೆ 2 ಶತ್ರು ಅಂತಿದೆ. ಇದಂತೂ ಅಚ್ಚಿನ ತಪ್ಪಲ್ಲವೇ?

ಅಲ್ಲ. ಗ್ರಹಮೈತ್ರಿ ಕೋಷ್ಟಕವನ್ನು ಹಾಗೆಯೇ ಓದಬೇಕು, ಅದು ಒಮ್ಮುಖ. ನಿಯಮ ಏನೆಂದು ಒಮ್ಮೆ ನೋಡಿಬಿಟ್ಟರೆ ಸಂಶಯ ಹೋಗುತ್ತದೆ.

ಜ್ಯೋತಿಷ ಪ್ರತಿ ಗ್ರಹಕ್ಕೂ ಬಲದ ಜಾಗವೆಂದು ಒಂದು ಮೂಲತ್ರಿಕೋಣ ರಾಶಿ, ಅತಿ ಬಲದ ಜಾಗವೆಂದು ಒಂದು ಉಚ್ಚ ರಾಶಿ ಗೊತ್ತುಮಾಡಿದೆ. ಒಂದು ಗ್ರಹದ ಮೂಲತ್ರಿಕೋಣ ರಾಶಿಯಿಂದ ಎಣಿಸಿ 2, 4, 5, 8, 9, 12ನೇ ರಾಶಿಗಳ ಅಧಿಪತಿಗಳು, ಜೊತೆಗೆ ಅದರ ಉಚ್ಚ ರಾಶಿಯ ಅಧಿಪತಿ, ಮಿತ್ರರು. ಎರಡು ರಾಶಿಗಳ ಒಡೆಯನಾದ ಗ್ರಹದ ಎರಡೂ ರಾಶಿ ಈ ಪಟ್ಟಿಯಲ್ಲಿ ಬಂದರೆ ಮಿತ್ರ, ಒಂದು ಮಾತ್ರ ಬಂದರೆ ಸಮ, ಒಂದೂ ಬರದಿದ್ದರೆ ಶತ್ರು. ಸೂರ್ಯ ಚಂದ್ರರಿಗೆ ಇರುವುದೇ ಒಂದೊಂದು ರಾಶಿ, ಅದು ಬಂದರೆ ಮಿತ್ರ, ಇಲ್ಲದಿದ್ದರೆ ಶತ್ರು.

ಚಂದ್ರನ ಮೂಲತ್ರಿಕೋಣ ವೃಷಭ. ಅಲ್ಲಿಂದ 2ನೆಯದು ಮಿಥುನ, 5ನೆಯದು ಕನ್ಯಾ. ಎರಡೂ ಬುಧನವು, ಎರಡೂ ಪಟ್ಟಿಯಲ್ಲಿವೆ. ಆದ್ದರಿಂದ ಚಂದ್ರನಿಗೆ ಬುಧ ಮಿತ್ರ. ಈಗ ಬುಧನ ಕಡೆಯಿಂದ ನೋಡಿ. ಬುಧನ ಮೂಲತ್ರಿಕೋಣ ಕನ್ಯಾ, ಉಚ್ಚವೂ ಅಲ್ಲೇ. ಚಂದ್ರನ ಕರ್ಕಾಟಕ ಅಲ್ಲಿಂದ 11ನೆಯದು. 11 ಪಟ್ಟಿಯಲ್ಲಿಲ್ಲ. ಆದ್ದರಿಂದ ಬುಧನಿಗೆ ಚಂದ್ರ ಶತ್ರು. 2 ಅಂದರೆ ಚಂದ್ರ, 5 ಅಂದರೆ ಬುಧ. ನಿಮ್ಮ ಪುಸ್ತಕ ಪ್ರಾಮಾಣಿಕವಾಗಿ ಎರಡು ದಿಕ್ಕನ್ನೂ ಬರೆದಿದೆ.

ಜಾತಕ ಕೂಡಿಸುವವರು ಈ ಒಮ್ಮುಖದ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. 36 ಗುಣದ ಲೆಕ್ಕದಲ್ಲಿ ಗ್ರಹಮೈತ್ರಿ ಕೂಟಕ್ಕೆ 5 ಗುಣ. ಎರಡೂ ಕಡೆ ಮಿತ್ರರಾದರೆ ಪೂರ್ತಿ 5, ಒಂದು ಕಡೆ ಮಿತ್ರ ಇನ್ನೊಂದು ಕಡೆ ಸಮ ಆದರೆ 4, ಎರಡೂ ಸಮ ಆದರೆ 3, ಮಿತ್ರ-ಶತ್ರು ಆದರೆ 1, ಸಮ-ಶತ್ರು ಆದರೆ ಅರ್ಧ, ಎರಡೂ ಶತ್ರು ಆದರೆ ಸೊನ್ನೆ. ಈ ಲೆಕ್ಕದಲ್ಲಿ 2-5ಕ್ಕೆ 1, ನಮ್ಮ 3-6ಕ್ಕೆ ಅರ್ಧ.

ಸಂಖ್ಯೆಯ ಪುಸ್ತಕಗಳಲ್ಲಿ ಇಂಥ ನಿಯಮ ಕಾಣುವುದು ಅಪರೂಪ. ಬರೆದವರು ಒಂದು ದಿಕ್ಕಿನ ಉತ್ತರ ಮಾತ್ರ ಎತ್ತಿಕೊಂಡು ಜೋಡಿಗೆಲ್ಲ ಅಂಟಿಸುತ್ತಾರೆ. ಒಬ್ಬರು ಚಂದ್ರನ ಕಡೆಯಿಂದ ಎತ್ತಿಕೊಂಡರೆ 2-5 ಶುಭ, ಇನ್ನೊಬ್ಬರು ಬುಧನ ಕಡೆಯಿಂದ ಎತ್ತಿಕೊಂಡರೆ ಅಶುಭ. ಮೂಲ ಒಂದೇ ಆದರೂ ಪುಸ್ತಕಗಳು ಜಗಳವಾಡುವುದು ಹೀಗೆ.

ಜನ್ಮಸಂಖ್ಯೆ ನೋಡಬೇಕೋ, ವಿಧಿಸಂಖ್ಯೆ ನೋಡಬೇಕೋ?

ಕೋಷ್ಟಕ ಯಾವುದಕ್ಕಾಗಿ ಮಾಡಿದ್ದೋ ಅದನ್ನೇ ನೋಡಬೇಕು. ಕೀರೋನ ಬಳಗಗಳು ಹುಟ್ಟಿದ ದಿನಾಂಕಕ್ಕೆ ಮಾತ್ರ, ಅಂದರೆ ತಿಂಗಳು ಇಸವಿ ಬಿಟ್ಟು. ಪಾಶ್ಚಾತ್ಯ ಪಂಗಡಗಳು ಪೂರ್ತಿ ತಾರೀಕು ಕೂಡಿಸಿ ಬರುವ ಸಂಖ್ಯೆಗೆ. ಪುಸ್ತಕಗಳು ಇದನ್ನು ಕಲಸಿಬಿಡುತ್ತವೆ, ಜೊತೆಗೆ ಹೆಸರುಗಳ ಗೊಂದಲ ಬೇರೆ: ಮೂಲಾಂಕ, ಜನ್ಮಾಂಕ, ಭಾಗ್ಯಾಂಕ, ವಿಧಿಸಂಖ್ಯೆ.

ಒಂದು ಲೆಕ್ಕ ಮಾಡೋಣ. ಚನ್ನರಾಯಪಟ್ಟಣದ ಹುಡುಗಿ ಹುಟ್ಟಿದ್ದು 12-11-1998, ಅರಸೀಕೆರೆ ಹುಡುಗ 24-6-1995 ಅಂತಿಟ್ಟುಕೊಳ್ಳಿ.

ಹುಡುಗಿಯ ಜನ್ಮಸಂಖ್ಯೆ 1+2=3. ಪೂರ್ತಿ ಕೂಡಿಸಿದರೆ 1+2+1+1+1+9+9+8=32, ಅಂದರೆ ವಿಧಿಸಂಖ್ಯೆ 5. ಹುಡುಗನ ಜನ್ಮಸಂಖ್ಯೆ 2+4=6. ಪೂರ್ತಿ ಕೂಡಿಸಿದರೆ 2+4+6+1+9+9+5=36, ಅಂದರೆ ವಿಧಿಸಂಖ್ಯೆ 9.

ಈಗ ನಾಲ್ಕು ಜೋಡಿ ಸಿಕ್ಕವು. ಜನ್ಮಕ್ಕೆ ಜನ್ಮ 3-6, ಗ್ರಹಮೈತ್ರಿಯಲ್ಲಿ ಅರ್ಧ ಗುಣ. ವಿಧಿಗೆ ವಿಧಿ 5-9, ಬುಧ ಮತ್ತು ಕುಜ. ಕುಜನಿಗೆ ಬುಧ ಶತ್ರು, ಬುಧನಿಗೆ ಕುಜ ಸಮ, ಅಲ್ಲೂ ಅರ್ಧವೇ. ಇಬ್ಬರ ಸಂಬಂಧ ಕೈಬಿಟ್ಟಂತೆಯೇ ಅನ್ನಿಸುತ್ತದೆ. ಆದರೆ ಅಡ್ಡಡ್ಡ ನೋಡಿದರೆ? ಹುಡುಗಿಯ ಜನ್ಮ 3, ಹುಡುಗನ ವಿಧಿ 9: ಗುರು ಮತ್ತು ಕುಜ, ಪರಸ್ಪರ ಮಿತ್ರರು, ಪೂರ್ತಿ 5. ಹುಡುಗಿಯ ವಿಧಿ 5, ಹುಡುಗನ ಜನ್ಮ 6: ಬುಧ ಮತ್ತು ಶುಕ್ರ, ಅವರೂ ಪರಸ್ಪರ ಮಿತ್ರರು, ಪೂರ್ತಿ 5.

ಇದು ಒಂದೇ ಮೂಲದೊಳಗೆ ಸಿಕ್ಕ ಉತ್ತರಗಳು, ಉಳಿದ ಮೂರು ಮೂಲಗಳನ್ನು ಮುಟ್ಟಿಯೇ ಇಲ್ಲ. ಬೇಕೆನ್ನುವವರಿಗೆ 5, ಬೇಡವೆನ್ನುವವರಿಗೆ ಅರ್ಧ. ಬ್ರೋಕರು ಯಾವ ಜೋಡಿಯನ್ನು ತೋರಿಸುತ್ತಾರೆ ಅನ್ನುವುದನ್ನು ನಾನು ಹೇಳಬೇಕಿಲ್ಲ. ಅದಕ್ಕೇ, ತಾರೀಕು ಕೈಗೆ ಬರುವ ಮೊದಲೇ ಯಾವ ಜೋಡಿ ನೋಡುತ್ತೇವೆ, ಯಾವ ಪುಸ್ತಕ ನೋಡುತ್ತೇವೆ ಎಂದು ಹೇಳಿಬಿಡಬೇಕು. ತಾರೀಕು ನೋಡಿ ಆಮೇಲೆ ಆರಿಸಿದ್ದು ಲೆಕ್ಕವಲ್ಲ.

11, 22, 29ನೇ ತಾರೀಕಿನವರು?

ಕೆಲವರು 11 ಮತ್ತು 22ನ್ನು ಒಡೆಯದೆ ಹಾಗೇ ಇಟ್ಟುಕೊಳ್ಳುತ್ತಾರೆ, ಕೆಲವರು 2 ಮತ್ತು 4 ಮಾಡುತ್ತಾರೆ. 29 ಕೂಡಿಸಿದರೆ 11, ಅದನ್ನು ಅಲ್ಲಿಗೇ ನಿಲ್ಲಿಸುವವರೂ ಇದ್ದಾರೆ. ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದನ್ನು ಹೇಳಿರುತ್ತಾರೆ, ಕೋಷ್ಟಕದ ಪುಟಕ್ಕೆ ನೇರ ಹೋದವರಿಗೆ ತಪ್ಪಿಹೋಗುತ್ತದೆ.

ಮಗ ಹುಟ್ಟಿದ್ದು ರಾತ್ರಿ ಎರಡು ಗಂಟೆಗೆ. ತಾರೀಕು ಯಾವುದು ಹಿಡಿಯೋದು?

ಆಸ್ಪತ್ರೆಯ ಚೀಟಿಯಲ್ಲಿ ನಡುರಾತ್ರಿ 12 ದಾಟಿದರೆ ಮರುದಿನ. ಪಂಚಾಂಗದಲ್ಲಿ ಸೂರ್ಯೋದಯದವರೆಗೂ ಹಿಂದಿನ ದಿನವೇ. ಕೀರೋ ದಾರಿಯವರು ಇಂಗ್ಲಿಷ್ ತಾರೀಕು ಹಿಡಿಯುತ್ತಾರೆ, ನಮ್ಮ ಕೆಲವು ಸಂಖ್ಯಾಶಾಸ್ತ್ರಿಗಳು ಸೂರ್ಯೋದಯದ ಲೆಕ್ಕ ಹಿಡಿಯುತ್ತಾರೆ. 16ರ ರಾತ್ರಿ ಕಳೆದು 17ರ ಬೆಳಗಿನ ಜಾವ ಹುಟ್ಟಿದವನು ಒಂದರಲ್ಲಿ 8, ಇನ್ನೊಂದರಲ್ಲಿ 7. ಸಾಲೇ ಬದಲಾಯಿತು.

ಇದಕ್ಕಿಂತ ದೊಡ್ಡ ಗುಂಡಿ ಶಾಲೆಯ ದಾಖಲೆ. ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸು ಕೂಡಲಿ ಎಂದು ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡ ಎಷ್ಟೋ ಮಂದಿ ನಮ್ಮ ಹಳ್ಳಿಗಳಲ್ಲಿದ್ದಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಡಿ ಲೆಕ್ಕ ಹಾಕಿದರೆ ಅವರೆಲ್ಲ 1ನೇ ಸಂಖ್ಯೆಯವರು, ಸೂರ್ಯನ ಮಕ್ಕಳು. ಬಯೋಡೇಟಾದಲ್ಲಿ ಜೂನ್ 1 ಕಂಡರೆ "ಇದು ಹುಟ್ಟಿದ್ದೋ, ಶಾಲೆಯದೋ" ಎಂದು ಕೇಳಿಬಿಡುವುದೇ ಮೇಲು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ನಿಂತಲ್ಲೇ ಒಂದು ಪುಸ್ತಕದ ಕೋಷ್ಟಕ ಅಳೆಯೋದು ಹೇಗೆ?

ಮೂರು ಮನೆಗಳನ್ನು ನೋಡಿ ಸಾಕು. ಮೊದಲು 1-4. ಒಳ್ಳೆಯದು ಅಂತಿದ್ದರೆ ಕೀರೋ ದಾರಿ ಅಥವಾ ಲೋ ಶು, ಕೆಟ್ಟದ್ದು ಅಂತಿದ್ದರೆ ರಾಹು ಬಂದು ಕೂತಿದ್ದಾನೆ, ಇಲ್ಲವೇ ಅದು ಪಾಶ್ಚಾತ್ಯ ಪಂಗಡ. ಆಮೇಲೆ 3-6. ಒಳ್ಳೆಯದು ಅಂದರೆ ಮಗ್ಗಿಯ ಬಳಗ, ಕೆಟ್ಟದ್ದು ಅಂದರೆ ಗ್ರಹಮೈತ್ರಿ ಅಥವಾ ಲೋ ಶು. 1-4 ಕೆಟ್ಟದ್ದು, 3-6 ಮಾತ್ರ ಒಳ್ಳೆಯದು ಎಂದಿದ್ದರೆ, ಅದು ಪಾಶ್ಚಾತ್ಯ ಪಂಗಡ ಇರಬಹುದು, ಬೆರಕೆಯೂ ಇರಬಹುದು. ಕಾರಣ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೆಳಗಿಡಿ. ಮೂರನೆಯದಾಗಿ 2ರ ಸಾಲಿನಲ್ಲಿ 5, 5ರ ಸಾಲಿನಲ್ಲಿ 2. ಎರಡೂ ಬೇರೆಯಿದ್ದು, ಒಟ್ಟು ಫಲ ಹೇಗೆ ತೆಗೆಯಬೇಕೆಂದು ಹೇಳಿದ್ದರೆ ಬರೆದವರಿಗೆ ವಿಷಯ ಗೊತ್ತಿದೆ. ಬೇರೆಯಿದ್ದೂ ಏನೂ ಹೇಳದಿದ್ದರೆ ನಕಲು ಮಾತ್ರ.

ಇಷ್ಟರಿಂದ ಗೊತ್ತಾಗುವುದು ಕೋಷ್ಟಕ ತನ್ನ ನಿಯಮಕ್ಕೆ ನಿಷ್ಠವಾಗಿದೆಯೇ ಎಂಬುದು. ಆ ನಿಯಮ ಗಂಡ ಹೆಂಡತಿಯ ಬಾಳಿನ ಬಗ್ಗೆ ನಿಜ ಹೇಳುತ್ತದೆಯೇ ಅನ್ನುವುದು ಬೇರೆಯೇ ಪ್ರಶ್ನೆ.

ನಮ್ಮ ನೆಂಟರಲ್ಲಿ ಹತ್ತು ಜೋಡಿ ನೋಡಿದೆವು, ಏಳಕ್ಕೆ ಸರಿಯಾಗಿ ಬಂತು. ಇದು ಸಾಕ್ಷಿಯಲ್ಲವೇ?

ಮೊದಲು ಕೋಷ್ಟಕದಲ್ಲೇ ಎಷ್ಟು "ಶುಭ" ಇದೆ ಎಣಿಸಿ. ಒಂಬತ್ತು ಸಂಖ್ಯೆಗಳಿಂದ ಒಟ್ಟು 45 ಜೋಡಿ ಆಗುತ್ತವೆ, 1-1ರಂಥ ಒಂಬತ್ತೂ ಸೇರಿ. ಶುಭ, ಮಧ್ಯಮ ಎರಡನ್ನೂ "ಆಗಬಹುದು" ಎಂದು ಹಿಡಿದರೆ 30ರ ಆಸುಪಾಸು ಬರುವ ಕೋಷ್ಟಕ ಸಿಕ್ಕಿದೆ ಎಂದುಕೊಳ್ಳಿ. ಆಗ ಕಣ್ಣು ಮುಚ್ಚಿ ಆರಿಸಿದ ಹತ್ತು ದಂಪತಿಗಳಲ್ಲೂ ಆರೇಳು ಮಂದಿಗೆ "ಆಗಬಹುದು" ಎಂದೇ ಬರುತ್ತದೆ. ನೆಂಟರಲ್ಲಿ ಸಂಸಾರ ಮುರಿಯದೆ ಸಾಗಿಸಿಕೊಂಡು ಬಂದವರೇ ಹೆಚ್ಚು. ಹಾಗಾಗಿ ಏಳು ಸರಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನಿಜವಾಗಿ ಪರೀಕ್ಷೆ ಮಾಡಬೇಕೆಂದರೆ ಚೆನ್ನಾಗಿರುವವರ ಪಟ್ಟಿಯ ಜೊತೆ ಬೇರೆಯಾದವರ ಪಟ್ಟಿಯೂ ಬೇಕು. ಯಾರು ಯಾವ ಗುಂಪಿನವರೆಂದು ತಿಳಿಯದ ಒಬ್ಬರಿಗೆ ತಾರೀಕುಗಳನ್ನಷ್ಟೇ ಕೊಟ್ಟು ಕೋಷ್ಟಕ ನೋಡಿಸಿ. "ಶುಭ"ದ ಪಾಲು ಎರಡು ಗುಂಪಿನಲ್ಲೂ ಒಂದೇ ಇದ್ದರೆ ಕೋಷ್ಟಕ ಏನನ್ನೂ ಹೇಳುತ್ತಿಲ್ಲ. ಸಂಖ್ಯೆ ನೋಡಿಯೇ ಮದುವೆ ಮಾಡಿದ ಮನೆಯವರನ್ನು ಲೆಕ್ಕದಿಂದ ಬಿಡಬೇಕು, ಅವರಲ್ಲಿ ಶುಭ ಜೋಡಿ ಹೆಚ್ಚಿರುವುದು ಸಹಜ.

ಸಂಖ್ಯೆಯದಲ್ಲದಿದ್ದರೂ ಇದರ ಅಣ್ಣನಂಥ ಒಂದು ಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವೋಸ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಸುಮಾರು 1 ಕೋಟಿ ದಂಪತಿಗಳ ಸೂರ್ಯರಾಶಿ ನೋಡಿದರು. ಯಾವ ರಾಶಿಯವರು ಯಾವ ರಾಶಿಯವರನ್ನು ಮದುವೆಯಾಗುತ್ತಾರೆ ಅನ್ನುವುದರಲ್ಲಿ ಜ್ಯೋತಿಷ ಹೇಳುವ ಒಲವು ಕಾಣಲಿಲ್ಲ. ಒಂದೇ ರಾಶಿಯ ಜೋಡಿಗಳು ಮಾತ್ರ ತುಸು ಹೆಚ್ಚಿದ್ದವು. ಅದಕ್ಕೆ ಅವರು ಕಂಡುಕೊಂಡ ಕಾರಣ ಅರ್ಜಿ ತುಂಬುವ ತಪ್ಪು: ಸಂಗಾತಿಯ ತಾರೀಕಿನ ಜಾಗದಲ್ಲಿ ತಮ್ಮದನ್ನೇ ಬರೆದವರು. ನಮ್ಮ ಜೂನ್ 1ರ ನೆನಪಾಗುತ್ತದೆ.

ಮೂರು ಪುಸ್ತಕ ನೋಡಿ ಬಹುಮತ ಹಿಡಿದರೆ?

ಮೂರೂ ಕೀರೋನ ಮೊಮ್ಮಕ್ಕಳಾಗಿದ್ದರೆ ಅದು ಒಂದೇ ಓಟು. 1-8ರಂಥ ಜೋಡಿ ಬೇರೆ ಬೇರೆ ದಾರಿಗಳಲ್ಲೂ ಕೆಟ್ಟದ್ದಾಗಿ ಬರುತ್ತದೆ: ಗ್ರಹಮೈತ್ರಿಯಲ್ಲಿ ಸೂರ್ಯ ಶನಿ ಪರಸ್ಪರ ಶತ್ರುಗಳು, ಲೋ ಶುನಲ್ಲಿ ಮಣ್ಣು ನೀರಿಗೆ ಒಡ್ಡು. 1-8ಕ್ಕೆ ಕೆಟ್ಟ ಹೆಸರು ಅಂಟಿಕೊಂಡಿರುವುದು ಅದಕ್ಕೇ. ಆದರೆ 45 ಜೋಡಿಗಳಲ್ಲಿ ಕೆಲವಕ್ಕಾದರೂ ಎರಡು ಪಟ್ಟಿಗಳು ಒಂದೇ ಮಾತು ಹೇಳುವುದು ಅಕಸ್ಮಾತ್ತಾಗಿಯೂ ಆಗುತ್ತದೆ.

ಹೆಸರಿಗೆ ಒಂದು ಅಕ್ಷರ ಸೇರಿಸಿದರೆ ಹೊಂದಾಣಿಕೆ ಬರುತ್ತೆ ಅಂತಾರಲ್ಲ?

ಹೆಸರಿನ ಸಂಖ್ಯೆ ಬದಲಾಗಬಹುದು, ಹುಟ್ಟಿದ ತಾರೀಕು ಬದಲಾಗುವುದಿಲ್ಲ. ಹುಟ್ಟು ಸಂಖ್ಯೆಯ ಕೋಷ್ಟಕದಲ್ಲಿ "ಕೂಡದು" ಎಂದು ತೋರಿಸಿ, ಹೆಸರು ತಿದ್ದಲು ದುಡ್ಡು ಕೇಳುವವರು ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹಾರಿದ್ದಾರೆ. ಆಧಾರ್, ಪಾನ್, ಅಂಕಪಟ್ಟಿ ತಿದ್ದಿಸುವ ಓಡಾಟ ಮಾತ್ರ ನಿಮ್ಮ ಪಾಲಿಗೆ.

ಜಾತಕದಲ್ಲಿ 26 ಗುಣ ಬಂತು, ಸಂಖ್ಯೆಯಲ್ಲಿ ಶತ್ರು ಬಂತು. ಅಜ್ಜಿ ಬೇಡ ಅಂತಾರೆ. ಏನು ಹೇಳೋದು?

ಅಜ್ಜಿಗೆ ಅವರ ಮಾತಿನಲ್ಲೇ ಹೇಳಿ. ಗ್ರಹಮೈತ್ರಿ ಆ 26ರೊಳಗೇ ಲೆಕ್ಕವಾಗಿದೆ, ರಾಶ್ಯಾಧಿಪತಿಯನ್ನು ಹಿಡಿದು. ಸಂಖ್ಯೆಯ ಕೋಷ್ಟಕ ಅದೇ ಮೈತ್ರಿ ನಿಯಮವನ್ನು ತೆಗೆದುಕೊಂಡು, ರಾಶ್ಯಾಧಿಪತಿಯ ಜಾಗದಲ್ಲಿ ಇಂಗ್ಲಿಷ್ ತಾರೀಕಿನ ಗ್ರಹವನ್ನು ಕೂರಿಸಿದೆ. ಜಾತಕ ನಂಬುವವರಿಗೆ ಒಂದೇ ಕೂಟವನ್ನು ಎರಡನೇ ಸಲ, ಅದೂ ಬೇರೆ ಗ್ರಹದ ಹೆಸರಿನಲ್ಲಿ, ಎಣಿಸುವ ಅಗತ್ಯವಿಲ್ಲ. ಜಾತಕ ಬರೆದುಕೊಟ್ಟ ಪುರೋಹಿತರನ್ನೇ "ತಾರೀಕಿನ ಗ್ರಹ ಹಿಡಿದು ಕೂಟ ನೋಡಬಹುದೇ?" ಎಂದು ಅಜ್ಜಿಯ ಎದುರಿಗೇ ಕೇಳಿ. ಉಳಿದ ಹೊತ್ತು ಹುಡುಗನ ಕೆಲಸ, ಸಾಲ, ಕುಡಿತ, ಮನೆಯವರ ನಡತೆ ವಿಚಾರಿಸಲು ಇಟ್ಟುಕೊಳ್ಳಿ. ಅವನ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಹೊತ್ತು ಅರ್ಧ ಗಂಟೆ ನಿಂತರೆ ಇವೆಲ್ಲಕ್ಕೂ ಉತ್ತರ ಸಿಗುತ್ತದೆ.